ಶೇ 3.6, ಆದರೆ ಯಾವುದರ ಮೇಲೆ?

ಇನ್ಫೊಸಿಸ್ 2024ರ ಜುಲೈ 18ರಂದು ಏಪ್ರಿಲ್–ಜೂನ್ ತ್ರೈಮಾಸಿಕದ ಫಲಿತಾಂಶ ಪ್ರಕಟಿಸಿತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ನೋಂದಾಯಿತ ಕಚೇರಿ ಇರುವ ಈ ಕಂಪನಿ ಡಾಲರ್ ಲೆಕ್ಕದಲ್ಲಿ ಒಂದು, ರೂಪಾಯಿ ಲೆಕ್ಕದಲ್ಲಿ ಒಂದು ಪ್ರಕಟಣೆ ಹೊರಡಿಸುತ್ತದೆ. ಎರಡನ್ನೂ ಮೇಜಿನ ಮೇಲೆ ಹರಡಿಕೊಂಡು, ಆ ಮೂರು ತಿಂಗಳಲ್ಲಿ ಕಂಪನಿಯ ವರಮಾನ ಎಷ್ಟು ಬೆಳೆಯಿತು ಎಂದು ಹುಡುಕಿದರೆ ಒಂದೇ ಉತ್ತರ ಸಿಗುವುದಿಲ್ಲ. ಶೇ 2.5 ಎಂದು ಒಂದು ಕಡೆ ಇದೆ, ಶೇ 2.1 ಎಂದು ಇನ್ನೊಂದು ಕಡೆ. ಶೇ 3.6 ಎಂಬುದಂತೂ ಎರಡು ಸಲ ಬರುತ್ತದೆ, ಎರಡು ಸಲವೂ ಬೇರೆ ಬೇರೆ ಅರ್ಥದಲ್ಲಿ. ಯಾವುದೂ ತಪ್ಪಲ್ಲ. ಸಂಜೆಯೊಳಗೆ ಇದನ್ನು ಕನ್ನಡಕ್ಕೆ ತಂದು ಪತ್ರಿಕೆಗಳಿಗೆ ಕಳುಹಿಸಬೇಕಾದವರು, ಯಾವ ಅಂಕಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ಓದುಗರ ಕೈಗೆ ಅಷ್ಟೇ ನಿಖರವಾಗಿ ಮುಟ್ಟಿಸಬೇಕು.

ಷೇರು ಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನಗಳ ಒಳಗೆ ಫಲಿತಾಂಶ ಕೊಡಬೇಕೆಂಬುದು ಸೆಬಿಯ ನಿಯಮ. ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ದಿನಪತ್ರಿಕೆಯಲ್ಲಿ ಈ ಕುರಿತು ಜಾಹೀರಾತು ಕೊಡುವುದೂ ಅದೇ ನಿಯಮಾವಳಿಯಲ್ಲಿದೆ. ಬೆಂಗಳೂರಿನ ಕಂಪನಿಗಳ ಸಣ್ಣ ಅಕ್ಷರದ ಫಲಿತಾಂಶದ ಪ್ರಕಟಣೆಗಳು ಕನ್ನಡ ಪತ್ರಿಕೆಗಳಲ್ಲಿ ಕಾಣುವುದು ಈ ಕಾರಣಕ್ಕೆ. ನಾನು ಇಲ್ಲಿ ಹೇಳುತ್ತಿರುವುದು ಆ ಜಾಹೀರಾತಿನ ಬಗ್ಗೆ ಅಲ್ಲ, ಅದರ ಜೊತೆಗೆ ಸುದ್ದಿಮನೆಗಳಿಗೆ ಹೋಗುವ ಪತ್ರಿಕಾ ಪ್ರಕಟಣೆಯ ಬಗ್ಗೆ. ಜಾಹೀರಾತನ್ನು ಯಾರೂ ತಿದ್ದುವುದಿಲ್ಲ, ಕೊಟ್ಟದ್ದು ಕೊಟ್ಟ ಹಾಗೆ ಅಚ್ಚಾಗುತ್ತದೆ. ಪ್ರಕಟಣೆಯ ಗತಿ ಹಾಗಲ್ಲ. ಅದನ್ನು ಉಪಸಂಪಾದಕರು ಅರ್ಧಕ್ಕೆ ಇಳಿಸುತ್ತಾರೆ, ತಲೆಬರಹ ಹಾಕುತ್ತಾರೆ, ಮೊದಲ ಎರಡು ಪ್ಯಾರಾ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತಾರೆ. ಜಾಗದ ಲೆಕ್ಕದಲ್ಲಿ ಅದು ಅವರ ಕೆಲಸವೇ. ಹಾಗಾಗಿ ಅನುವಾದಿಸುವವರು ತಮ್ಮ ಪಠ್ಯ ಪೂರ್ತಿ ಅಚ್ಚಾಗುತ್ತದೆ ಎಂದುಕೊಂಡು ಬರೆಯುವಂತಿಲ್ಲ. ಎಲ್ಲಿ ಕತ್ತರಿಸಿದರೂ ಉಳಿದ ಭಾಗ ಸತ್ಯವಾಗಿಯೇ ಇರಬೇಕು.

ಮೊದಲು ಆ ನಾಲ್ಕು ಅಂಕಿಗಳನ್ನು ಬಿಡಿಸಿ ನೋಡೋಣ. ಆ ತ್ರೈಮಾಸಿಕದಲ್ಲಿ ಕಂಪನಿಯ ವರಮಾನ ಡಾಲರ್ ಲೆಕ್ಕದಲ್ಲಿ 471.4 ಕೋಟಿ, ರೂಪಾಯಿ ಲೆಕ್ಕದಲ್ಲಿ 39,315 ಕೋಟಿ. ಹಿಂದಿನ ವರ್ಷದ ಏಪ್ರಿಲ್–ಜೂನ್‌ಗೆ ಹೋಲಿಸಿದರೆ ಡಾಲರ್‌ನಲ್ಲಿ ಬೆಳವಣಿಗೆ ಶೇ 2.1, ರೂಪಾಯಿಯಲ್ಲಿ ಶೇ 3.6. ಇವೆರಡರ ನಡುವಿನ ಅಂತರಕ್ಕೆ ಕಾರಣ ಆ ಒಂದು ವರ್ಷದಲ್ಲಿ ಡಾಲರ್ ಎದುರು ರೂಪಾಯಿ ಸ್ವಲ್ಪ ಕುಸಿದಿದ್ದು. ಉಳಿದ ಎರಡು ಅಂಕಿಗಳು ‘ಸ್ಥಿರ ಕರೆನ್ಸಿ’ ಲೆಕ್ಕದವು. ಅದೇ ಹಿಂದಿನ ವರ್ಷದ ಹೋಲಿಕೆಯಲ್ಲಿ ಶೇ 2.5, ಅದಕ್ಕೂ ಮುಂಚಿನ ಜನವರಿ–ಮಾರ್ಚ್ ತ್ರೈಮಾಸಿಕದ ಹೋಲಿಕೆಯಲ್ಲಿ ಶೇ 3.6.

ಸ್ಥಿರ ಕರೆನ್ಸಿ ಎಂಬ ಮಾತನ್ನು ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟ ಬಳಸುತ್ತದೆ, ಆದರೆ ಅಲ್ಲಿ ಅದನ್ನು ಬಿಡಿಸಿ ಹೇಳುವುದು ಕಡಿಮೆ. ಯುರೋಪಿನ ಗ್ರಾಹಕರಿಂದ ಕಂಪನಿಗೆ ಕಳೆದ ವರ್ಷ 100 ಯೂರೊ ಬಂತು, ಆಗ ಒಂದು ಯೂರೊಗೆ 1.10 ಡಾಲರ್ ಇತ್ತು ಎಂದಿಟ್ಟುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ 110 ಡಾಲರ್ ಕಾಣುತ್ತದೆ. ಈ ವರ್ಷ 104 ಯೂರೊ ಬಂತು, ಆದರೆ ಯೂರೊ 1.05 ಡಾಲರ್‌ಗೆ ಇಳಿದಿದೆ. ಈಗ ಪುಸ್ತಕದಲ್ಲಿ 109.2 ಡಾಲರ್. ವ್ಯಾಪಾರ ಶೇ 4ರಷ್ಟು ಹೆಚ್ಚಿದ್ದರೂ ಡಾಲರ್ ಲೆಕ್ಕದಲ್ಲಿ ಇಳಿಕೆ ಕಾಣುತ್ತದೆ. ಈ ವರ್ಷದ 104 ಯೂರೊವನ್ನು ಕಳೆದ ವರ್ಷದ ದರದಲ್ಲೇ ಪರಿವರ್ತಿಸಿ ನೋಡಿದರೆ ವಿನಿಮಯ ದರದ ಏರಿಳಿತ ಕಳಚಿ ಹೋಗಿ ಆ ಶೇ 4 ಹೊರಗೆ ಬರುತ್ತದೆ. ಇದೇ ಸ್ಥಿರ ಕರೆನ್ಸಿಯ ಲೆಕ್ಕ. ಪ್ರಕಟಣೆಯ ಕನ್ನಡ ರೂಪದಲ್ಲಿ ‘ವಿದೇಶಿ ವಿನಿಮಯ ದರಗಳ ಏರಿಳಿತವನ್ನು ಬಿಟ್ಟು ನೋಡಿದಾಗ’ ಎಂಬ ಐದಾರು ಪದ ಸೇರಿಸಿದರೆ ಸಾಕು, ಹೊಸ ಓದುಗರಿಗೂ ದಾರಿ ಸಿಗುತ್ತದೆ. ಮೊದಲ ಸಲ ಬಂದಾಗ ಹೀಗೆ ಬಿಡಿಸಿ, ಆಮೇಲೆ ‘ಸ್ಥಿರ ಕರೆನ್ಸಿ ಲೆಕ್ಕದಲ್ಲಿ’ ಎಂದಷ್ಟೇ ಬರೆಯುವುದು ನನಗೆ ಸರಿ ಕಾಣುತ್ತದೆ.

ಇಲ್ಲಿ ಆಗುವ ತಪ್ಪು ಒಂದು ಬಗೆಯದು. ರೂಪಾಯಿ ಮೊತ್ತದ ಪಕ್ಕದಲ್ಲಿ ಸ್ಥಿರ ಕರೆನ್ಸಿಯ ಶೇಕಡಾವಾರು ಬಂದು ಕೂರುತ್ತದೆ. ‘ಕಂಪನಿಯ ವರಮಾನ ಶೇ 2.5ರಷ್ಟು ಹೆಚ್ಚಿ ₹39,315 ಕೋಟಿಗೆ ತಲುಪಿದೆ’ ಎಂಬ ವಾಕ್ಯದಲ್ಲಿ ಎರಡೂ ಅಂಕಿಗಳು ಮೂಲದಲ್ಲಿ ಇರುವಂಥವೇ, ಜೋಡಿ ಮಾತ್ರ ತಪ್ಪು. ಒಂದೊಂದೇ ಅಂಕಿಯನ್ನು ಮೂಲಕ್ಕೆ ಹೋಲಿಸಿ ಗುರುತು ಹಾಕುವ ಕರಡು ತಿದ್ದುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಹಿಂದಿನ ವರ್ಷದ ಮೊತ್ತ ₹37,933 ಕೋಟಿ ಎಂಬುದನ್ನು ಪಕ್ಕದಲ್ಲಿಟ್ಟು ಕ್ಯಾಲ್ಕ್ಯುಲೇಟರಿನಲ್ಲಿ ಭಾಗಿಸಿದರೆ ಒಡನೆ ಗೊತ್ತಾಗುತ್ತದೆ: 39,315ನ್ನು 37,933ರಿಂದ ಭಾಗಿಸಿದರೆ 1.036, ಅಂದರೆ ಶೇ 3.6. ಹೆಚ್ಚಳದ ಪ್ರತಿ ಶೇಕಡಾವಾರನ್ನೂ ಹೀಗೆ ಅದರ ಎರಡು ಮೊತ್ತಗಳ ಜೊತೆಗೆ ಒಮ್ಮೆ ತಾಳೆ ನೋಡುವುದು ಹತ್ತು ನಿಮಿಷದ ಕೆಲಸ. ಸ್ಥಿರ ಕರೆನ್ಸಿಯ ಶೇಕಡಾವಾರು ಮಾತ್ರ ಹೀಗೆ ತಾಳೆಯಾಗುವುದಿಲ್ಲ, ಏಕೆಂದರೆ ಅದರ ಹಿಂದಿನ ಮೊತ್ತ ಪ್ರಕಟಣೆಯ ಮುಖ್ಯ ಭಾಗದಲ್ಲಿ ಇರುವುದಿಲ್ಲ. ಅದನ್ನು ಮೊತ್ತಕ್ಕೆ ಅಂಟಿಸದೆ ಪ್ರತ್ಯೇಕ ವಾಕ್ಯದಲ್ಲಿ ಇಡುವುದೇ ಕ್ಷೇಮ.

ಕೋಟಿ ಮತ್ತು ಮಿಲಿಯನ್‌ಗಳ ತೊಡಕು ಎಲ್ಲರಿಗೂ ಗೊತ್ತಿರುವಂಥದ್ದು, ಆದರೂ ಅವಸರದಲ್ಲಿ ಅಲ್ಲೇ ಕಾಲು ಜಾರುತ್ತದೆ. ಮೂಲದಲ್ಲಿ ವರಮಾನ 4,714 ಮಿಲಿಯನ್ ಡಾಲರ್ ಎಂದಿದೆ. ಹತ್ತು ಮಿಲಿಯನ್‌ಗೆ ಒಂದು ಕೋಟಿ, ಹಾಗಾಗಿ 471.4 ಕೋಟಿ ಡಾಲರ್. ಅದೇ ಪ್ರಕಟಣೆಯಲ್ಲಿ ದೊಡ್ಡ ಗುತ್ತಿಗೆಗಳ ಒಟ್ಟು ಮೌಲ್ಯ 4.1 ಬಿಲಿಯನ್ ಡಾಲರ್ ಎಂದಿದೆ. ಒಂದು ಬಿಲಿಯನ್ ನೂರು ಕೋಟಿ, ಹಾಗಾಗಿ 410 ಕೋಟಿ ಡಾಲರ್. ಇದನ್ನು ರೂಪಾಯಿಗೆ ತಿರುಗಿಸಿ ಕೊಟ್ಟರೆ ಓದುಗರಿಗೆ ಅನುಕೂಲ ಎಂಬ ಆಸೆ ಹುಟ್ಟುತ್ತದೆ. ಅದನ್ನು ಮಾಡಬಾರದು. ಯಾವ ದಿನದ ದರ ಹಿಡಿದಿರಿ ಎಂಬ ಪ್ರಶ್ನೆಗೆ ಕಂಪನಿಯ ಬಳಿ ಉತ್ತರ ಇರುವುದಿಲ್ಲ, ಆದರೆ ಅಚ್ಚಾದ ಮೇಲೆ ಅದು ಕಂಪನಿ ಹೇಳಿದ ಅಂಕಿ ಎಂದೇ ಓದಿಸಿಕೊಳ್ಳುತ್ತದೆ. ರೂಪಾಯಿ ಅಂಕಿ ಬೇಕಿದ್ದರೆ ರೂಪಾಯಿ ಪ್ರಕಟಣೆಯಲ್ಲಿ ಇರುವುದನ್ನಷ್ಟೇ ತೆಗೆದುಕೊಳ್ಳಬೇಕು.

ಎರಡೂ ಪ್ರಕಟಣೆಗಳು ಕೈಯಲ್ಲಿದ್ದಾಗ ಸೊನ್ನೆ ತಪ್ಪಿಲ್ಲವೆಂದು ಖಾತರಿ ಮಾಡಿಕೊಳ್ಳಲು ಒಂದು ಸುಲಭದ ಪರೀಕ್ಷೆಯಿದೆ. ₹39,315 ಕೋಟಿಯನ್ನು 471.4 ಕೋಟಿ ಡಾಲರ್‌ನಿಂದ ಭಾಗಿಸಿದರೆ ಒಂದು ಡಾಲರ್‌ಗೆ ಸುಮಾರು ₹83.40 ಬರುತ್ತದೆ. ಆ ತಿಂಗಳುಗಳಲ್ಲಿ ಡಾಲರ್ ಇದ್ದದ್ದೂ ಅಲ್ಲೇ ಆಸುಪಾಸಿನಲ್ಲಿ. ಉತ್ತರ 8.34 ಅಥವಾ 834 ಎಂದು ಬಂದರೆ ಎಲ್ಲೋ ಒಂದು ಸೊನ್ನೆ ಕಳೆದಿದೆ ಅಥವಾ ಸೇರಿದೆ ಎಂದರ್ಥ.

ಇನ್ನು ಕನ್ನಡದ್ದೇ ಆದ ಒಂದು ಅಪಾಯ. ‘ಶೇ 21.1ಕ್ಕೆ ಏರಿದೆ’ ಎಂದರೆ ಈಗ ಇರುವ ಮಟ್ಟ. ‘ಶೇ 21.1ರಷ್ಟು ಏರಿದೆ’ ಎಂದರೆ ಏರಿಕೆಯ ಪ್ರಮಾಣ. ಒಂದು ಪ್ರತ್ಯಯ ಬದಲಾದರೆ ಸುದ್ದಿಯೇ ಬದಲಾಗುತ್ತದೆ. ಆ ತ್ರೈಮಾಸಿಕದಲ್ಲಿ ಇನ್ಫೊಸಿಸ್‌ನ ಕಾರ್ಯಾಚರಣೆ ಲಾಭದ ಪ್ರಮಾಣ ಶೇ 21.1 ಇತ್ತು, ಅಂದರೆ ವರಮಾನದ ಪ್ರತಿ ನೂರು ರೂಪಾಯಿಯಲ್ಲಿ ಬಡ್ಡಿ, ತೆರಿಗೆ ಮೊದಲಾದವುಗಳಿಗೆ ಮುನ್ನ ₹21.10 ಉಳಿದಿತ್ತು. ಹಿಂದಿನ ವರ್ಷ ಇದೇ ಅವಧಿಯಲ್ಲಿ ಅದು ಶೇ 20.8. ಮೂಲ ಪ್ರಕಟಣೆ ಈ ವ್ಯತ್ಯಾಸವನ್ನು ಶೇ 0.3ರ ಬೆಳವಣಿಗೆ ಎಂದು ಹೇಳುತ್ತದೆ. ಅದು ವಾಸ್ತವದಲ್ಲಿ 0.3 ಶೇಕಡಾ ಅಂಶಗಳ ಹೆಚ್ಚಳ. 20.8ರ ಶೇ 0.3 ಎಂದು ಯಾರಾದರೂ ಲೆಕ್ಕ ಹಾಕಿದರೆ ಉತ್ತರ 20.86 ಬರುತ್ತದೆಯೇ ಹೊರತು 21.1 ಬರುವುದಿಲ್ಲ. ಇಂಥ ಕಡೆ ನಾನು ಎರಡು ಮಟ್ಟಗಳನ್ನೂ ಕೊಟ್ಟು ಬಿಡುತ್ತೇನೆ: ‘ಕಾರ್ಯಾಚರಣೆ ಲಾಭದ ಪ್ರಮಾಣವು ಶೇ 20.8ರಿಂದ ಶೇ 21.1ಕ್ಕೆ ಹೆಚ್ಚಿದೆ.’ ಹೀಗೆ ‘ಇಂದ’ ಮತ್ತು ‘ಕ್ಕೆ’ ಜೊತೆಯಾಗಿ ಬಂದರೆ ಉಪಸಂಪಾದಕರು ಅವಸರದಲ್ಲಿ ‘ರಷ್ಟು’ ಎಂದು ತಿದ್ದಲು ಆಸ್ಪದವಿರುವುದಿಲ್ಲ. ಇದೇ ಸಾಲಿನಲ್ಲಿ ‘ಲಾಭಾಂಶ’ ಎಂಬ ಮಾತನ್ನು ಡಿವಿಡೆಂಡ್‌ಗೆ ಮಾತ್ರ ಮೀಸಲಿಡಬೇಕು. ಲಾಭದ ಪ್ರಮಾಣಕ್ಕೂ ಅದನ್ನೇ ಬಳಸಿದರೆ, ಕಂಪನಿ ಷೇರುದಾರರಿಗೆ ಶೇ 21.1 ಹಂಚುತ್ತಿದೆ ಎಂದು ಓದಿಕೊಳ್ಳುವವರು ಇದ್ದಾರೆ.

ಹೋಲಿಕೆಯ ಬುಡ ಯಾವುದು ಎಂಬುದು ಲಾಭದ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಆ ತ್ರೈಮಾಸಿಕದ ನಿವ್ವಳ ಲಾಭ ₹6,368 ಕೋಟಿ. ಹಿಂದಿನ ವರ್ಷದ ಇದೇ ಅವಧಿಯ ₹5,945 ಕೋಟಿಗೆ ಹೋಲಿಸಿದರೆ ಶೇ 7.1ರಷ್ಟು ಹೆಚ್ಚು. ಅದರ ಹಿಂದಿನ ಮೂರು ತಿಂಗಳ ₹7,969 ಕೋಟಿಗೆ ಹೋಲಿಸಿದರೆ ಶೇ 20.1ರಷ್ಟು ಕಡಿಮೆ. ಲಾಭ ಏರಿತೋ ಇಳಿಯಿತೋ ಎಂದು ಕೇಳಿದರೆ ಎರಡೂ ನಿಜ. ಜನವರಿ–ಮಾರ್ಚ್‌ನ ಲಾಭ ಅಷ್ಟು ಎತ್ತರಕ್ಕೆ ಹೋಗಲು ಆದಾಯ ತೆರಿಗೆ ಮರುಪಾವತಿಯ ಮೇಲೆ ಬಂದ ₹1,933 ಕೋಟಿ ಬಡ್ಡಿ ಕಾರಣವಾಗಿತ್ತು. ಅದು ಪ್ರತಿ ತ್ರೈಮಾಸಿಕದಲ್ಲೂ ಬರುವ ಹಣವಲ್ಲ. ಅನುವಾದಕರು ತಮಗೆ ಸರಿ ಕಂಡ ಹೋಲಿಕೆಯನ್ನು ಆರಿಸಿಕೊಳ್ಳುವ ಹಾಗಿಲ್ಲ. ಮೂಲದಲ್ಲಿ ಯಾವುದಿದೆಯೋ ಅದು, ಎರಡೂ ಇದ್ದರೆ ಎರಡೂ, ಮೂಲದ ಕ್ರಮದಲ್ಲೇ ಬರಬೇಕು. ಜೊತೆಗೆ ‘ಕಳೆದ ಅವಧಿಗಿಂತ’ ಎಂಬ ಮಸುಕು ಮಾತು ಬೇಡವೇ ಬೇಡ. ‘2023ರ ಏಪ್ರಿಲ್–ಜೂನ್ ಅವಧಿಗೆ ಹೋಲಿಸಿದರೆ’ ಎಂದು ತಿಂಗಳು, ವರ್ಷ ಹಾಕಿದರೆ ನಾಲ್ಕು ಪದ ಹೆಚ್ಚಾಗುತ್ತದೆ, ಗೊಂದಲ ಪೂರ್ತಿ ಹೋಗುತ್ತದೆ. ‘ಮೊದಲ ತ್ರೈಮಾಸಿಕ’ ಎಂದಷ್ಟೇ ಬರೆದರೆ ಜನವರಿಯಿಂದ ಎಣಿಸುವ ಓದುಗರೇ ಹೆಚ್ಚು. ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ ಎಂಬುದು ಲೆಕ್ಕ ಬರೆಯುವವರಿಗೆ ಗೊತ್ತು, ಎಲ್ಲರಿಗೂ ಅಲ್ಲ.

ಇಳಿಕೆಯನ್ನು ಗುರುತಿಸುವುದರಲ್ಲೂ ಒಂದು ಸಂಗತಿ ಇದೆ. ಲೆಕ್ಕಪತ್ರದ ಕೋಷ್ಟಕಗಳಲ್ಲಿ ಋಣ ಚಿಹ್ನೆಯ ಬದಲು ಅಂಕಿಯನ್ನು ಆವರಣದೊಳಗೆ ಇಡುತ್ತಾರೆ. ಆವರಣದಲ್ಲಿ 20.1 ಎಂದಿದ್ದರೆ ಶೇ 20.1ರಷ್ಟು ಇಳಿಕೆ, ಆವರಣದಲ್ಲಿ 150 ಕೋಟಿ ಎಂದಿದ್ದರೆ ₹150 ಕೋಟಿ ನಷ್ಟ. ಇದು ಗೊತ್ತಿಲ್ಲದವರ ಕೈಯಲ್ಲಿ ಆವರಣ ಬಿದ್ದುಹೋಗಿ ನಷ್ಟ ಲಾಭವಾಗುತ್ತದೆ. ಗೊತ್ತಿದ್ದವರ ಕೈಯಲ್ಲೂ ಅಕ್ಷರ ವಿನ್ಯಾಸದ ಹಂತದಲ್ಲಿ ಆವರಣ ಹೋಗಬಹುದು. ಯೂನಿಕೋಡ್‌ನಲ್ಲಿ ಬರೆದ ಪಠ್ಯವನ್ನು ಪುಟ ಕಟ್ಟಲು ನುಡಿ ಅಥವಾ ಬೇರೆ ಹಳೆಯ ಅಕ್ಷರ ವಿನ್ಯಾಸಕ್ಕೆ ಪರಿವರ್ತಿಸುವಾಗ ರೂಪಾಯಿ ಚಿಹ್ನೆ ಚೌಕವಾಗುವುದು, ಅಡ್ಡಗೆರೆ ಮಾಯವಾಗುವುದು ಉಂಟು. ‘3–4’ ಎಂಬುದರ ನಡುವಿನ ಗೆರೆ ಹೋದರೆ ಉಳಿಯುವುದು 34. ಈ ಭಯಕ್ಕಾಗಿಯೇ ನಾನು ಅಂದಾಜಿನ ವ್ಯಾಪ್ತಿಯನ್ನು ಗೆರೆಯಲ್ಲಿ ಬರೆಯುವುದಿಲ್ಲ, ‘ಶೇ 3ರಿಂದ ಶೇ 4’ ಎಂದು ಪದದಲ್ಲೇ ಬರೆಯುತ್ತೇನೆ. ಇಳಿಕೆಗೆ ಚಿಹ್ನೆ ಬಳಸದೆ ‘ಇಳಿಕೆ’ ಎಂದೇ ಬರೆಯುತ್ತೇನೆ. ಪದ ಅಷ್ಟು ಸುಲಭವಾಗಿ ಕಳೆದುಹೋಗುವುದಿಲ್ಲ.

ಅಂಕಿಗಳ ಮಾತು ಇಷ್ಟಾಯಿತು. ಇದಕ್ಕಿಂತ ಕಷ್ಟದ ಭಾಗ ಎಚ್ಚರಿಕೆಯ ಮಾತುಗಳದ್ದು, ಏಕೆಂದರೆ ಅಲ್ಲಿ ಕ್ಯಾಲ್ಕ್ಯುಲೇಟರ್ ಸಹಾಯಕ್ಕೆ ಬರುವುದಿಲ್ಲ.

ಅದೇ ಜುಲೈ ಪ್ರಕಟಣೆಯಲ್ಲಿ ಕಂಪನಿ 2024–25ನೇ ಹಣಕಾಸು ವರ್ಷದ ವರಮಾನ ಬೆಳವಣಿಗೆಯ ಅಂದಾಜನ್ನು ಸ್ಥಿರ ಕರೆನ್ಸಿ ಲೆಕ್ಕದಲ್ಲಿ ಶೇ 3ರಿಂದ ಶೇ 4ಕ್ಕೆ ಪರಿಷ್ಕರಿಸಿತು. ಏಪ್ರಿಲ್‌ನಲ್ಲಿ ಕೊಟ್ಟಿದ್ದು ಶೇ 1ರಿಂದ ಶೇ 3. ಇಂಥ ವಾಕ್ಯ ಕನ್ನಡಕ್ಕೆ ಬರುವಾಗ ನಮ್ಮ ಪತ್ರಿಕೆಗಳ ರೂಢಿಯ ಕ್ರಿಯಾಪದವೊಂದು ತಾನಾಗಿ ಬಂದು ಕೂರುತ್ತದೆ: ‘ಕಂಪನಿಯ ವರಮಾನ ಶೇ 4ರವರೆಗೆ ಬೆಳೆಯಲಿದೆ.’ ‘ಲಿದೆ’ ಎಂಬ ಈ ರೂಪ ಮುಖ್ಯಮಂತ್ರಿ ನಾಳೆ ಬರಲಿದ್ದಾರೆ, ಸೇತುವೆ ಉದ್ಘಾಟನೆಯಾಗಲಿದೆ ಎಂಬಲ್ಲಿ ಚೆನ್ನಾಗಿ ಹೊಂದುತ್ತದೆ. ಅಲ್ಲಿ ನಿಗದಿಯಾದ ಸಂಗತಿ ಇದೆ. ಇಲ್ಲಿ ನಿಗದಿಯಾದದ್ದು ಏನೂ ಇಲ್ಲ, ಇರುವುದು ಅಂದಾಜು ಮಾತ್ರ.

ಆ ಅಂದಾಜಿಗೆ ಮುಂದೆ ಏನಾಯಿತು ಎಂದು ನೋಡಿದರೆ ಎಚ್ಚರಿಕೆ ಏಕೆ ಬೇಕು ಎಂಬುದು ತಿಳಿಯುತ್ತದೆ. ಅಕ್ಟೋಬರ್‌ನಲ್ಲಿ ಅದು ಶೇ 3.75ರಿಂದ ಶೇ 4.5ಕ್ಕೆ ಏರಿತು. 2025ರ ಜನವರಿಯಲ್ಲಿ ಶೇ 4.5ರಿಂದ ಶೇ 5ಕ್ಕೆ ಏರಿತು. ವರ್ಷ ಮುಗಿದು ಏಪ್ರಿಲ್ 17ರಂದು ಪೂರ್ಣ ಲೆಕ್ಕ ಬಂದಾಗ ನಿಜವಾದ ಬೆಳವಣಿಗೆ ಶೇ 4.2. ಜುಲೈನ ಅಂದಾಜಿಗಿಂತ ಹೆಚ್ಚು, ಜನವರಿಯ ಅಂದಾಜಿಗಿಂತ ಕಡಿಮೆ. ಜನವರಿಯ ಪ್ರಕಟಣೆಯನ್ನು ‘ಶೇ 5ರಷ್ಟು ಬೆಳೆಯಲಿದೆ’ ಎಂದು ಕನ್ನಡಿಸಿದ್ದರೆ, ಅದನ್ನು ಓದಿ ಷೇರು ಕೊಂಡವರಿಗೆ ಕಂಪನಿ ಕೊಡದ ಭರವಸೆಯೊಂದನ್ನು ಅನುವಾದ ಕೊಟ್ಟಂತೆ ಆಗುತ್ತಿತ್ತು. ಕಂಪನಿ ಹೇಳಿದ್ದು ಅಂದಾಜು, ಅದು ತಪ್ಪಬಹುದು ಎಂದೂ ಅದೇ ಕಾಗದದಲ್ಲಿ ಹೇಳಿತ್ತು.

ಆದರೆ ಎಲ್ಲಿ ಹೇಳಿತ್ತು ಎಂಬುದು ಮುಖ್ಯ. ಕೊನೆಯಲ್ಲಿ. ಪ್ರತಿ ಪ್ರಕಟಣೆಯ ಕೊನೆಗೂ ಒಂದು ದಟ್ಟ ಪ್ಯಾರಾ ಇರುತ್ತದೆ. ಭವಿಷ್ಯದ ಬಗ್ಗೆ ಇಲ್ಲಿ ಹೇಳಿದ್ದು ನಿರೀಕ್ಷೆ, ನಿಜವಾದ ಫಲಿತಾಂಶ ಇದಕ್ಕಿಂತ ಗಣನೀಯವಾಗಿ ಬೇರೆಯಾಗಬಹುದು ಎಂಬುದು ಅದರ ಸಾರ. ಇನ್ಫೊಸಿಸ್‌ನಂಥ ಕಂಪನಿಗೆ ಇದರ ಬೇರು ಅಮೆರಿಕದಲ್ಲಿದೆ. 1999ರಲ್ಲಿ ನಾಸ್ಡಾಕ್‌ನಲ್ಲಿ ನೋಂದಾಯಿಸಿಕೊಂಡು, ಈಗ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟಾಗುವ ಈ ಕಂಪನಿಗೆ ಅಲ್ಲಿನ 1995ರ ಕಾನೂನೊಂದು ರಕ್ಷಣೆ ಕೊಡುತ್ತದೆ. ಭವಿಷ್ಯದ ಹೇಳಿಕೆಯ ಜೊತೆಗೆ ಅರ್ಥಪೂರ್ಣವಾದ ಎಚ್ಚರಿಕೆಯ ಮಾತು ಇದ್ದರೆ, ಅಂದಾಜು ತಪ್ಪಿತು ಎಂಬ ಒಂದೇ ಕಾರಣಕ್ಕೆ ಹೂಡಿಕೆದಾರರು ಹೂಡುವ ದಾವೆಯಿಂದ ಕಂಪನಿಗೆ ರಕ್ಷಣೆ ಸಿಗುತ್ತದೆ. ಅಂದಾಜೂ ಎಚ್ಚರಿಕೆಯೂ ಒಟ್ಟಿಗೆ ಇರಬೇಕಾದವು. ಕನ್ನಡದಲ್ಲಿ ಅಂದಾಜು ಮಾತ್ರ ಅಚ್ಚಾಗಿ, ಎಚ್ಚರಿಕೆ ಜಾಗದ ಅಭಾವದಲ್ಲಿ ಉದುರಿದರೆ ಕನ್ನಡದ ಓದುಗರಿಗೆ ಸಿಕ್ಕಿದ್ದು ಅರ್ಧ ಸತ್ಯ.

ಹಾಗಾಗಿ ನನ್ನ ಒತ್ತಾಯ ಇಷ್ಟೇ: ಎಚ್ಚರಿಕೆಯನ್ನು ಕೊನೆಯ ಪ್ಯಾರಾಕ್ಕೆ ಬಿಟ್ಟುಕೊಡದೆ ಅಂಕಿ ಇರುವ ವಾಕ್ಯದೊಳಗೇ ಹೆಣೆಯಬೇಕು. ಕನ್ನಡದ ವಾಕ್ಯರಚನೆ ಇಲ್ಲಿ ತೊಂದರೆ ಕೊಡುತ್ತದೆ. ‘ಎಂದು ಕಂಪನಿ ಅಂದಾಜಿಸಿದೆ’ ಎಂಬುದು ನಮ್ಮಲ್ಲಿ ವಾಕ್ಯದ ತುದಿಯಲ್ಲಿ ಬರುತ್ತದೆ. ಕತ್ತರಿಸುವವರ ಕೈ ಮೊದಲು ಬೀಳುವುದೂ ತುದಿಗೇ. ‘ವರಮಾನವು ಶೇ 3ರಿಂದ ಶೇ 4ರಷ್ಟು ಬೆಳೆಯಲಿದೆ ಎಂದು ಕಂಪನಿ ಅಂದಾಜಿಸಿದೆ’ ಎಂಬುದರಿಂದ ಕೊನೆಯ ಮೂರು ಪದ ತೆಗೆದರೆ ಉಳಿಯುವುದು ಪೂರ್ತಿಯಾದ, ಖಚಿತವಾದ, ಸುಳ್ಳಾದ ವಾಕ್ಯ. ಬದಲಿಗೆ ಅಂದಾಜನ್ನೇ ವಾಕ್ಯದ ಕರ್ಮ ಮಾಡಿ: ‘2024–25ನೇ ಹಣಕಾಸು ವರ್ಷದ ವರಮಾನ ಬೆಳವಣಿಗೆಯ ಅಂದಾಜನ್ನು ಕಂಪನಿಯು ಸ್ಥಿರ ಕರೆನ್ಸಿ ಲೆಕ್ಕದಲ್ಲಿ ಶೇ 3ರಿಂದ ಶೇ 4ಕ್ಕೆ ಪರಿಷ್ಕರಿಸಿದೆ.’ ಇದರಿಂದ ‘ಅಂದಾಜು’ ಎಂಬ ಪದ ಕಿತ್ತರೆ ವಾಕ್ಯವೇ ನಿಲ್ಲುವುದಿಲ್ಲ. ಆದರೆ ಇಲ್ಲೂ ‘ಶೇ 3ರಿಂದ ಶೇ 4ಕ್ಕೆ’ ಎಂಬುದು ಮೂರರಿಂದ ನಾಲ್ಕಕ್ಕೆ ಏರಿಸಿದೆ ಎಂದು ಕೇಳಿಸುತ್ತದೆ. ಕೊನೆಗೆ ನಿಲ್ಲುವ ರೂಪ ಹೀಗೆ: ‘ವರಮಾನ ಬೆಳವಣಿಗೆಯ ಅಂದಾಜು ಈ ಮೊದಲು ಶೇ 1ರಿಂದ ಶೇ 3ರ ವ್ಯಾಪ್ತಿಯಲ್ಲಿತ್ತು. ಈಗ ಕಂಪನಿ ಅದನ್ನು ಶೇ 3ರಿಂದ ಶೇ 4ರ ವ್ಯಾಪ್ತಿಗೆ ಹೆಚ್ಚಿಸಿದೆ. ಈ ಲೆಕ್ಕ ಸ್ಥಿರ ಕರೆನ್ಸಿಯದು.’ ಮೂರು ಸಣ್ಣ ವಾಕ್ಯಗಳು. ‘ವ್ಯಾಪ್ತಿ’ ಎಂಬ ಪದ ಬಂದ ಕೂಡಲೇ ಗೊಂದಲ ಬಗೆಹರಿಯಿತು.

ಇಂಗ್ಲಿಷಿನ ಪ್ರಕಟಣೆಗಳಲ್ಲಿ ನಿರೀಕ್ಷೆ, ಉದ್ದೇಶ, ಸಾಧ್ಯತೆ ಎಂಬ ಮೂರು ಮೆಟ್ಟಿಲುಗಳಿಗೆ ಬೇರೆ ಬೇರೆ ಕ್ರಿಯಾಪದಗಳಿರುತ್ತವೆ. ಅವುಗಳನ್ನು ಆರಿಸಿದ್ದು ಕಂಪನಿಯ ವಕೀಲರು. ಕಂಪನಿ ನಿರೀಕ್ಷಿಸುತ್ತದೆ ಎಂದಿದ್ದರೆ ‘ನಿರೀಕ್ಷಿಸಿದೆ’, ಮಾಡುವ ಉದ್ದೇಶವಿದೆ ಎಂದಿದ್ದರೆ ‘ಉದ್ದೇಶ ಹೊಂದಿದೆ’, ಆಗಬಹುದು ಎಂದಿದ್ದರೆ ‘ಬಹುದು’. ಪದ ಮರುಕಳಿಸುತ್ತದೆ ಎಂದು ಬೇಸರಪಟ್ಟು ಒಂದರ ಬದಲು ಇನ್ನೊಂದು ಹಾಕಬಾರದು. ಒಳ್ಳೆಯ ಗದ್ಯದಲ್ಲಿ ಪುನರುಕ್ತಿ ದೋಷ, ನಿಜ. ಇಲ್ಲಿ ಅದು ಕೆಲಸದ ಭಾಗ.

ಕೊನೆಯ ಪ್ಯಾರಾವನ್ನೂ ಅನುವಾದಿಸಲೇಬೇಕು, ಅಚ್ಚಾಗಲಿ ಬಿಡಲಿ. ಮೂಲದಲ್ಲಿ ಅದು ಹತ್ತಾರು ಅಪಾಯಗಳನ್ನು ಒಂದೇ ವಾಕ್ಯದಲ್ಲಿ ಹೊತ್ತಿರುತ್ತದೆ. ಕನ್ನಡದಲ್ಲಿ ಅಷ್ಟನ್ನೂ ಕ್ರಿಯಾಪದದ ಮುಂಚೆ ತುಂಬಿದರೆ ಯಾರೂ ಓದಲಾರರು. ಭವಿಷ್ಯದ ಹೇಳಿಕೆಗಳು ನಿರೀಕ್ಷೆಗಳು ಎಂದು ಮೊದಲು ಹೇಳಿ ಮುಗಿಸಿ, ಆಮೇಲೆ ಅಪಾಯಗಳನ್ನು ನಾಲ್ಕಾರು ವಾಕ್ಯಗಳಲ್ಲಿ ಹಂಚಬೇಕು. ಅಲ್ಲಿ ಎರಡು ಮಾತು ಜಾರಿಹೋಗದಂತೆ ನೋಡಿಕೊಳ್ಳಬೇಕು. ಪಟ್ಟಿಯಲ್ಲಿ ಹೇಳಿದ ಅಪಾಯಗಳು ‘ಇವಷ್ಟೇ ಅಲ್ಲ’ ಎಂಬುದು ಒಂದು. ಹೇಳಿಕೆಗಳನ್ನು ಮುಂದೆ ಪರಿಷ್ಕರಿಸುವ ‘ಹೊಣೆ ಕಂಪನಿ ಹೊತ್ತಿಲ್ಲ’ ಎಂಬುದು ಇನ್ನೊಂದು. ಇದನ್ನು ‘ಕಂಪನಿ ಪರಿಷ್ಕರಿಸುವುದಿಲ್ಲ’ ಎಂದು ಬರೆದರೆ ಅರ್ಥ ಕೆಡುತ್ತದೆ. ಅದೇ ಕಂಪನಿ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಿದ್ದನ್ನು ಈಗಷ್ಟೇ ನೋಡಿದೆವು. ಹೊಣೆ ಇಲ್ಲ ಎನ್ನುವುದು ಬೇರೆ, ಮಾಡುವುದಿಲ್ಲ ಎನ್ನುವುದು ಬೇರೆ.

ಲಾಭಾಂಶದ ಸುದ್ದಿಯಲ್ಲೂ ಇದೇ ಬಗೆಯ ಸೂಕ್ಷ್ಮವಿದೆ, ಮತ್ತು ಸಾಮಾನ್ಯ ಷೇರುದಾರರು ಮೊದಲು ಓದುವುದು ಅದನ್ನೇ. 2024ರ ಏಪ್ರಿಲ್‌ನಲ್ಲಿ ಇನ್ಫೊಸಿಸ್ ಆಡಳಿತ ಮಂಡಳಿ ಪ್ರತಿ ಷೇರಿಗೆ ₹20 ಅಂತಿಮ ಲಾಭಾಂಶ ಮತ್ತು ₹8 ವಿಶೇಷ ಲಾಭಾಂಶವನ್ನು ಶಿಫಾರಸು ಮಾಡಿತು. ಶಿಫಾರಸು ಮಾಡಿತು, ಘೋಷಿಸಲಿಲ್ಲ. ಮಧ್ಯಂತರ ಲಾಭಾಂಶವನ್ನು ಮಂಡಳಿಯೇ ಘೋಷಿಸಬಹುದು. ಅಂತಿಮ ಲಾಭಾಂಶಕ್ಕೆ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಷೇರುದಾರರ ಒಪ್ಪಿಗೆ ಬೇಕು, ಆ ಸಭೆ ನಡೆದದ್ದು ಜೂನ್‌ನಲ್ಲಿ. ‘₹28 ಲಾಭಾಂಶ ಘೋಷಣೆ’ ಎಂಬ ತಲೆಬರಹ ಬಾಯಿಗೆ ಸಲೀಸಾಗಿ ಬರುತ್ತದೆ, ಆದರೆ ಏಪ್ರಿಲ್‌ನಲ್ಲಿ ಅದು ನಿಜವಾಗಿರಲಿಲ್ಲ.

ಲೆಕ್ಕಪರಿಶೋಧನೆಯ ಮಾತಿನಲ್ಲೂ ಅಚ್ಚು ಹೊಯ್ದ ವಾಕ್ಯಗಳನ್ನು ನಂಬಬಾರದು. ಬಹಳಷ್ಟು ಕಂಪನಿಗಳ ತ್ರೈಮಾಸಿಕ ಲೆಕ್ಕ ಪೂರ್ಣ ಲೆಕ್ಕಪರಿಶೋಧನೆಗೆ ಒಳಪಟ್ಟಿರುವುದಿಲ್ಲ. ಅವಕ್ಕೆ ‘ಸೀಮಿತ ಪರಿಶೀಲನೆ’ ಮಾತ್ರ ನಡೆದಿರುತ್ತದೆ. ಅಂಥ ಪರಿಶೀಲನೆಯ ಕೊನೆಗೆ ಲೆಕ್ಕಪರಿಶೋಧಕರು ಹೇಳುವುದು, ಗಂಭೀರ ತಪ್ಪಿದೆ ಎಂದು ನಂಬಿಸುವಂಥದ್ದೇನೂ ತಮ್ಮ ಗಮನಕ್ಕೆ ಬಂದಿಲ್ಲ ಎಂದು. ಇದನ್ನು ‘ಲೆಕ್ಕ ಸರಿಯಿದೆ ಎಂದು ದೃಢಪಡಿಸಿದ್ದಾರೆ’ ಎಂದು ಕನ್ನಡಿಸಿದರೆ ಅವರು ಕೊಡದ ಪ್ರಮಾಣಪತ್ರ ಕೊಟ್ಟಂತಾಗುತ್ತದೆ. ಇನ್ಫೊಸಿಸ್ ವಿಷಯದಲ್ಲಿ ತದ್ವಿರುದ್ಧ. ಅದು ತ್ರೈಮಾಸಿಕ ಲೆಕ್ಕವನ್ನೂ ಪೂರ್ಣ ಲೆಕ್ಕಪರಿಶೋಧನೆಗೆ ಒಪ್ಪಿಸುತ್ತದೆ. ಹಿಂದಿನ ವಾರ ಬೇರೆ ಕಂಪನಿಗೆ ಬರೆದ ‘ಲೆಕ್ಕಪರಿಶೋಧನೆಗೆ ಒಳಪಡದ’ ಎಂಬ ಪದಗುಚ್ಛವನ್ನು ಇಲ್ಲಿಗೆ ನಕಲು ಮಾಡಿದರೆ ಅದೂ ತಪ್ಪೇ.

ಕೆಲಸದ ಕ್ರಮದ ಬಗ್ಗೆ ಒಂದೆರಡು ಮಾತು. ಫಲಿತಾಂಶ ಹೊರಬೀಳುವ ಮೊದಲು ಅಂಕಿಗಳನ್ನು ಕಂಡವರು ಯಾರೇ ಆಗಲಿ, ಸೆಬಿಯ ಒಳವ್ಯವಹಾರ ತಡೆ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ಆ ಷೇರನ್ನು ಕೊಳ್ಳುವ ಮಾರುವ ಹಾಗಿಲ್ಲ, ಯಾರಿಗೂ ಹೇಳುವ ಹಾಗಿಲ್ಲ. ಅನುವಾದಕರು ಇದಕ್ಕೆ ಹೊರತಲ್ಲ. ಹಾಗಾಗಿ ಅಂಕಿಗಳ ಜಾಗ ಖಾಲಿ ಬಿಟ್ಟ ಕರಡನ್ನು ಮೊದಲೇ ತರಿಸಿಕೊಂಡು ವಾಕ್ಯಗಳನ್ನು ಸಿದ್ಧ ಮಾಡಿಟ್ಟು, ಷೇರು ವಿನಿಮಯ ಕೇಂದ್ರಗಳಿಗೆ ಫಲಿತಾಂಶ ತಲುಪಿದ ಮೇಲೆ ಅಂಕಿ ತುಂಬುವುದು ಒಳ್ಳೆಯ ಪದ್ಧತಿ. ಅದರಲ್ಲಿ ಒಂದು ಅಪಾಯ ಅಡಗಿದೆ: ‘ಹೆಚ್ಚಿದೆ’ ಎಂದು ಮೊದಲೇ ಬರೆದಿಟ್ಟ ವಾಕ್ಯಕ್ಕೆ ಇಳಿಕೆಯ ಅಂಕಿ ಬಂದು ಕೂರಬಹುದು. ಅದಕ್ಕೆ ಕ್ರಿಯಾಪದದ ಜಾಗವನ್ನೂ ಖಾಲಿ ಬಿಡಬೇಕು.

ತುಂಬಿದ ಮೇಲೆ ಇಬ್ಬರು ಎದುರುಬದುರು ಕೂತು ತಾಳೆ ನೋಡಬೇಕು. ಒಬ್ಬರು ಕನ್ನಡದ ಪಠ್ಯವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಮೂಲದ ಮೇಲೆ ಬೆರಳಿಟ್ಟು ಅನುಸರಿಸುತ್ತಾರೆ. ಅಂಕಿ ಬಂದಾಗ ಬರೀ ಅಂಕಿ ಓದಿದರೆ ಸಾಲದು, ನಾಲ್ಕು ಸಂಗತಿಗಳನ್ನು ಒಟ್ಟಿಗೆ ಹೇಳಬೇಕು: ಯಾವುದರ ಅಂಕಿ, ಯಾವ ಘಟಕದಲ್ಲಿ, ಯಾವ ಅವಧಿಗೆ, ಯಾವುದಕ್ಕೆ ಹೋಲಿಸಿ. ‘ವರಮಾನ, ರೂಪಾಯಿ ಕೋಟಿಯಲ್ಲಿ, 2024ರ ಏಪ್ರಿಲ್–ಜೂನ್, 2023ರ ಏಪ್ರಿಲ್–ಜೂನ್‌ಗೆ ಹೋಲಿಸಿ, ಶೇ 3.6 ಹೆಚ್ಚಳ.’ ಹೀಗೆ ಓದುವಾಗ ಎರಡು ಶೇ 3.6ಗಳು ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ‘ಅಂದಾಜು’, ‘ಶಿಫಾರಸು’, ‘ಬಹುದು’, ‘ಒಪ್ಪಿಗೆಗೆ ಒಳಪಟ್ಟು’ ಎಂಬ ಮಾತುಗಳನ್ನೂ ಅಂಕಿಗಳಂತೆಯೇ ಎಣಿಸಿ ಮೂಲದಲ್ಲಿ ಎಷ್ಟಿವೆ, ಕನ್ನಡದಲ್ಲಿ ಎಷ್ಟಿವೆ ಎಂದು ತಾಳೆ ಹಾಕಬೇಕು. ಸಂಖ್ಯೆ ಕಡಿಮೆ ಬಂದರೆ ಎಲ್ಲೋ ಒಂದು ಷರತ್ತು ಬಿದ್ದುಹೋಗಿದೆ.

ಕನ್ನಡ ಪಠ್ಯದ ಕೆಳಗೆ ‘ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಪಠ್ಯವೇ ಅಂತಿಮ’ ಎಂಬ ಸಾಲು ಹಾಕುವ ರೂಢಿ ಇದೆ. ಹಾಕಲಿ, ಕಾನೂನಿನ ದೃಷ್ಟಿಯಿಂದ ಅದು ಬೇಕಾಗಬಹುದು. ಆದರೆ ಹಾವೇರಿಯಲ್ಲೋ ಕಲಬುರಗಿಯಲ್ಲೋ ಬೆಳಗಿನ ಪತ್ರಿಕೆ ಓದುವವರ ಮುಂದೆ ಇಂಗ್ಲಿಷ್ ಪಠ್ಯ ಇರುವುದಿಲ್ಲ, ಆ ಸಾಲೂ ಅಚ್ಚಾಗಿರುವುದಿಲ್ಲ. ಅವರಿಗೆ ಸಿಗುವುದು ತಲೆಬರಹ ಮತ್ತು ಮೊದಲ ಪ್ಯಾರಾ. ಅದಕ್ಕಾಗಿಯೇ ಪ್ರಕಟಣೆಯ ಜೊತೆಗೆ ತಲೆಬರಹವನ್ನೂ ಬರೆದು ಕಳುಹಿಸುವುದು ಒಳ್ಳೆಯದು, ಒಂದೇ ಕಾಲಂಗೆ ಹಿಡಿಸುವಂಥದ್ದೊಂದು, ಎರಡು ಕಾಲಂಗೆ ಹಿಡಿಸುವಂಥದ್ದೊಂದು. ‘ಇನ್ಫೊಸಿಸ್: ವರಮಾನ ಅಂದಾಜು ಹೆಚ್ಚಳ’ ಎಂಬುದು ಒಂದು ಕಾಲಂಗೆ ಸಾಕು. ಎರಡು ಕಾಲಂ ಇದ್ದರೆ ‘ಇನ್ಫೊಸಿಸ್ ನಿವ್ವಳ ಲಾಭ ₹6,368 ಕೋಟಿ, ವರಮಾನ ಬೆಳವಣಿಗೆ ಅಂದಾಜು ಶೇ 3ರಿಂದ ಶೇ 4ರ ವ್ಯಾಪ್ತಿಗೆ’ ಎಂದು ಬರೆಯಬಹುದು. ಪುಟ ಮುಚ್ಚುವ ಅವಸರದಲ್ಲಿ ಇರುವ ಉಪಸಂಪಾದಕರು ಸರಿಯಾಗಿ ಅಳತೆಗೆ ಬಂದ ತಲೆಬರಹವನ್ನು ಸಾಮಾನ್ಯವಾಗಿ ಹಾಗೆಯೇ ತೆಗೆದುಕೊಳ್ಳುತ್ತಾರೆ.